ಬಿಎಂಐ ‘ನಾರ್ಮಲ್’, ಅಪಾಯ ಸೊಂಟದಲ್ಲಿ

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಇಬ್ಬರು ವೈದ್ಯ ವಿಜ್ಞಾನಿಗಳು ಒಟ್ಟಿಗೆ ನಿಂತ ಒಂದು ಫೋಟೊವನ್ನು ಪ್ರಕಟಿಸಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆ ಅಂಕಿಯ ಪ್ರಕಾರ ಇಬ್ಬರೂ ಸರಿಯಾದ ತೂಕದವರು. ಆದರೆ ದೇಹದಲ್ಲಿರುವ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಅದು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು. ಅಂಕಿ ಒಂದೇ ಆಗಿದ್ದರೂ ಕೊಬ್ಬು ಎರಡು ಪಟ್ಟಿಗಿಂತ ಹೆಚ್ಚು. ನಮ್ಮ ಆಸ್ಪತ್ರೆಗಳಲ್ಲಿ, ಕಂಪನಿಗಳ ವಾರ್ಷಿಕ ತಪಾಸಣೆಯಲ್ಲಿ, ಜಿಮ್‌ಗಳಲ್ಲಿ ಇಂದಿಗೂ ಬಿಎಂಐ ಒಂದನ್ನೇ ನೋಡಿ ‘ನೀವು ನಾರ್ಮಲ್’ ಎಂದು ಹೇಳಿ ಕಳಿಸುವವರು ಆ ಫೋಟೊವನ್ನು ನೆನಪಿಸಿಕೊಳ್ಳಬೇಕು.

ಬಿಎಂಐ ಲೆಕ್ಕ ಸರಳ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಆಯಿತು. ಇದರ ಮೂಲದಲ್ಲಿರುವ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯರಲ್ಲ. 19ನೇ ಶತಮಾನದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕಿದ ಸಂಖ್ಯಾಶಾಸ್ತ್ರಜ್ಞ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟರು. ಸಾವಿರಾರು ಜನರ ಗುಂಪಿನಲ್ಲಿ ಬೊಜ್ಜು ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ತಿಳಿಯಲು ಇದು ಒಳ್ಳೆಯ ಸಾಧನವೇ. ತೊಡಕು ಶುರುವಾಗುವುದು ಒಬ್ಬ ವ್ಯಕ್ತಿಯ ಮೇಲೆ ತೀರ್ಪು ಕೊಡಲು ಬಳಸಿದಾಗ. ತಕ್ಕಡಿಗೆ ಮೂಳೆ, ಸ್ನಾಯು, ನೀರು, ಕೊಬ್ಬು ಎಲ್ಲವೂ ಬರೀ ತೂಕ. ಯಾವುದು ಎಷ್ಟಿದೆ, ದೇಹದ ಯಾವ ಭಾಗದಲ್ಲಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಗರಡಿ ಮನೆಯಲ್ಲಿ ನಿತ್ಯ ಸಾಮು ಮಾಡುವ ಒಬ್ಬ ಪೈಲ್ವಾನನನ್ನು ಊಹಿಸಿಕೊಳ್ಳಿ. ಎತ್ತರ 170 ಸೆಂ.ಮೀ., ತೂಕ 81 ಕೆ.ಜಿ. ಬಿಎಂಐ 28. ಭಾರತೀಯರಿಗೆ ವೈದ್ಯರು ಬಳಸುತ್ತ ಬಂದಿರುವ ಮಿತಿ ಬಿಗಿಯಾದದ್ದು: 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಹಾಗಾಗಿ ಚೀಟಿಯಲ್ಲಿ ಈತ ‘ಬೊಜ್ಜಿನ ರೋಗಿ’. ಆದರೆ ಸೊಂಟದ ಸುತ್ತಳತೆ 82 ಸೆಂ.ಮೀ. ಅಷ್ಟೆ. ತೂಕ ಹೆಚ್ಚಿಸಿದ್ದು ತೊಡೆ, ಬೆನ್ನು, ಭುಜದ ಸ್ನಾಯು. ಈಗ ಅದೇ ವ್ಯಕ್ತಿ ಕುಸ್ತಿ ಬಿಟ್ಟು ಹದಿನೈದು ವರ್ಷ ಅಂಗಡಿಯಲ್ಲಿ ಕುಳಿತನೆನ್ನಿ. ಸ್ನಾಯು ಕರಗಿತು, ಹೊಟ್ಟೆ ಬಂತು, ತೂಕ ಮಾತ್ರ ಅದೇ 81. ಬಿಎಂಐ ಆಗಲೂ 28, ಈಗಲೂ 28. ಸೊಂಟ 98 ಸೆಂ.ಮೀ.ಗೆ ಏರಿದೆ. ಆರೋಗ್ಯ ಪೂರ್ತಿ ಬದಲಾದರೂ ಬಿಎಂಐ ಅಲುಗಾಡಲಿಲ್ಲ.

ಪೈಲ್ವಾನನ ವಿಷಯದಲ್ಲಿ ತಪ್ಪಾದರೆ ದೊಡ್ಡ ಹಾನಿಯಿಲ್ಲ. ವೈದ್ಯರು ಮೈಕಟ್ಟು ನೋಡಿಯೇ ಅಂದಾಜು ಮಾಡಬಲ್ಲರು. ನನಗೆ ಹೆಚ್ಚು ಚಿಂತೆ ತರುವುದು ಸಣ್ಣ ಮೈಕಟ್ಟಿನವರ ವಿಷಯ. ನಮ್ಮಲ್ಲಿ ಅಂಥವರೇ ಹೆಚ್ಚು, ಅವರ ಅಪಾಯ ಕಣ್ಣಿಗೂ ಬೀಳುವುದಿಲ್ಲ.

ನಲವತ್ತೈದರ ಒಬ್ಬ ಮಹಿಳೆ, ಎತ್ತರ 150 ಸೆಂ.ಮೀ., ತೂಕ 50 ಕೆ.ಜಿ. ಬಿಎಂಐ 22.2. ತೆಳ್ಳನೆಯ ಕೈ, ಸಣ್ಣ ಮಣಿಕಟ್ಟು. ನೆಂಟರೆಲ್ಲ ‘ಮೈ ಹಿಡಿತದಲ್ಲಿಟ್ಟುಕೊಂಡಿದ್ದಾಳೆ’ ಎನ್ನುತ್ತಾರೆ. ಸೊಂಟ ಮಾತ್ರ 86 ಸೆಂ.ಮೀ. ಸಣ್ಣ ಮೂಳೆ, ಕಡಿಮೆ ಸ್ನಾಯು ಇರುವುದರಿಂದ ಇವರ ಮೂಲ ತೂಕವೇ ಕಡಿಮೆ. ಅದರ ಮೇಲೆ ನಾಲ್ಕೈದು ಕೆ.ಜಿ. ಕೊಬ್ಬು ಹೆಚ್ಚಿಗೆ ಕೂತರೂ ಒಟ್ಟು ತೂಕ ‘ನಾರ್ಮಲ್’ ಗೆರೆಯೊಳಗೇ ಉಳಿಯುತ್ತದೆ. ಆ ಕೊಬ್ಬು ಹೊಟ್ಟೆಯೊಳಗೆ, ಕರುಳು ಮತ್ತು ಲಿವರ್ ಸುತ್ತ ಸೇರಿದ್ದರೆ ತೊಡೆಯ ಕೊಬ್ಬಿಗಿಂತ ಹೆಚ್ಚು ಕೇಡು ಮಾಡುತ್ತದೆ. ಕರುಳಿನ ಸುತ್ತಲಿನ ರಕ್ತ ನೇರ ಲಿವರ್‌ಗೆ ಹೋಗುತ್ತದೆ. ಹೊಟ್ಟೆಯೊಳಗಿನ ಕೊಬ್ಬಿನಿಂದ ಬಿಡುಗಡೆಯಾದ ಕೊಬ್ಬಿನಾಮ್ಲಗಳೂ ಆ ರಕ್ತದ ಜೊತೆ ಲಿವರ್ ಸೇರಿ, ಇನ್ಸುಲಿನ್ ಮಾತು ನಡೆಯದಂತೆ ಮಾಡುತ್ತವೆ. ಇತ್ತ ಊಟದ ನಂತರ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಸ್ನಾಯುವೂ ಇವರಲ್ಲಿ ಕಡಿಮೆ. ತೆಳ್ಳಗಿರುವವರಿಗೂ ಸಕ್ಕರೆ ಕಾಯಿಲೆ ಬರುವ ಹಿಂದೆ ಹೆಚ್ಚಾಗಿ ಈ ಎರಡೂ ಸೇರಿರುತ್ತವೆ.

ಇದು ಅಲ್ಲೊಬ್ಬರು ಇಲ್ಲೊಬ್ಬರ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ ದೇಶದಲ್ಲಿ ಬಿಎಂಐ ಪ್ರಕಾರ ಬೊಜ್ಜಿರುವವರು ಶೇ 28.6 ಎಂದಿತು. ಸೊಂಟದ ಅಳತೆ ಪ್ರಕಾರ ಹೊಟ್ಟೆಯ ಬೊಜ್ಜಿರುವವರು ಶೇ 39.5. ತಕ್ಕಡಿಯನ್ನಷ್ಟೇ ನಂಬಿದರೆ ಅಂದಾಜು ಎಷ್ಟು ತಪ್ಪಬಹುದೆಂಬುದನ್ನು ಈ ಅಂತರ ತೋರಿಸುತ್ತದೆ.

ನಮ್ಮವರಿಗೆ ಸೊಂಟದ ಮಿತಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಕುಳ್ಳಗಿರುವವರಿಗೂ ಎತ್ತರದವರಿಗೂ ಒಂದೇ ಅಂಕಿ ಅನ್ವಯಿಸುವುದು ಸರಿಯಲ್ಲ ಎನ್ನುವವರಿಗೆ ಇನ್ನೊಂದು ಅಳತೆ ಇದೆ: ಸೊಂಟ ಎತ್ತರದ ಅರ್ಧವನ್ನು ಮೀರಬಾರದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಿಂದ ಇದನ್ನೇ ಹೇಳುತ್ತಿದೆ. ಆ ಮಹಿಳೆಯ ಎತ್ತರದ ಅರ್ಧ 75, ಸೊಂಟ 86. ಪೈಲ್ವಾನನ ಅರ್ಧ 85. ಸಾಮು ಮಾಡುವಾಗ 82, ಬಿಟ್ಟ ಮೇಲೆ 98. ಬಿಎಂಐ ಮೂರರಲ್ಲಿ ಎರಡು ಕಡೆ ತಪ್ಪುದಾರಿ ತೋರಿಸಿತು, ಟೇಪು ಮೂರು ಕಡೆಯೂ ಸರಿಯಾಗಿ ಬೊಟ್ಟು ಮಾಡಿತು.

ಆದರೆ ಟೇಪನ್ನು ಎಲ್ಲಿ ಹಿಡಿಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪ್ಯಾಂಟಿನ ಸೈಜು ಸೊಂಟದ ಅಳತೆಯಲ್ಲ. ಹೊಟ್ಟೆ ಬಂದವರ ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. 34ರ ಪ್ಯಾಂಟು ಹಾಕುವವರ ನಿಜವಾದ ಸುತ್ತಳತೆ 38 ಇಂಚು ಇರಬಹುದು. ಪಕ್ಕೆಲುಬಿನ ಕೊನೆ ಎಲ್ಲಿ, ಸೊಂಟದ ಮೂಳೆಯ ಮೇಲಂಚು ಎಲ್ಲಿ ಎಂದು ಬದಿಯಲ್ಲಿ ಬೆರಳಿನಿಂದ ತಡವಿ ನೋಡಬೇಕು. ಎರಡರ ನಡುಮಧ್ಯೆ ಟೇಪು ನೆಲಕ್ಕೆ ಸಮಾನಾಂತರವಾಗಿರಬೇಕು, ಚರ್ಮ ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟು ಮುಗಿಸಿದ ಕ್ಷಣ ಅಳೆಯಬೇಕು. ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವುದು ಎಲ್ಲರಿಗೂ ಸಹಜ, ಹಾಗಾಗಿ ಎರಡು ಸಲ ಅಳೆಯಿರಿ, ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ. ಸೀರೆಯ ನೆರಿಗೆಯ ಮೇಲೆ ಅಳೆದ ಅಂಕಿಗೆ ಬೆಲೆಯಿಲ್ಲ.

ಟೇಪಿಗೂ ಮಿತಿಗಳಿವೆ. ಚರ್ಮದ ಕೆಳಗಿನ ಕೊಬ್ಬನ್ನೂ ಕರುಳಿನ ಸುತ್ತಲಿನದನ್ನೂ ಅದು ಬೇರ್ಪಡಿಸಲಾರದು. ಗರ್ಭಿಣಿಯರಿಗೆ ಈ ಅಳತೆ ಬೇಡ. ಲಿವರ್ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲೂ ಅದು ಸುಳ್ಳಾಗುತ್ತದೆ. ಹಾಗೆಂದೇ 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗ ಬಿಎಂಐಯನ್ನು ತಳ್ಳಿಹಾಕಲಿಲ್ಲ. ಅದೊಂದರಿಂದಲೇ ಬೊಜ್ಜು ಎಂದು ನಿರ್ಧರಿಸಬೇಡಿ, ಸೊಂಟದಂಥ ಇನ್ನೊಂದು ಅಳತೆಯನ್ನೋ ಕೊಬ್ಬಿನ ನೇರ ಪರೀಕ್ಷೆಯನ್ನೋ ಜೊತೆಗಿಡಿ ಎಂದಿತು.

ನಮ್ಮಲ್ಲಿ ಸೊಂಟ ಅಳೆಯುವುದು ಹೊಸದೇನೂ ಅಲ್ಲ. ಮೂವತ್ತು ದಾಟಿದವರ ಮನೆಗೆ ಹೋಗಿ ಆಶಾ ಕಾರ್ಯಕರ್ತೆಯರು ತುಂಬುವ ಸಿಬಿಎಸಿ ನಮೂನೆಯಲ್ಲಿ ಅಪಾಯದ ಅಂಕ ಕೊಡುವುದು ಸೊಂಟದ ಸುತ್ತಳತೆಗೆ, ತೂಕಕ್ಕಲ್ಲ. ಆಶಾ ಕೈಯಲ್ಲಿ ಟೇಪು ಇದೆ, ಆದರೆ ಹೊರರೋಗಿ ಚೀಟಿಯಲ್ಲಿ, ಕಂಪನಿ ತಪಾಸಣೆಯ ವರದಿಯಲ್ಲಿ ಸಾಮಾನ್ಯವಾಗಿ ಕಾಣುವುದು ಎತ್ತರ, ತೂಕ, ಬಿಎಂಐ ಮಾತ್ರ. ಅಲ್ಲಿ ಸೊಂಟಕ್ಕೊಂದು ಕಾಲಂ ಸೇರಿಸಲು ಹೊಸ ಯಂತ್ರ ಬೇಕಿಲ್ಲ. ಆಗ 86 ಸೆಂ.ಮೀ. ಸೊಂಟದ ಆ ಮಹಿಳೆಗೆ ಅದೇ ದಿನ ರಕ್ತದೊತ್ತಡ, ಫಾಸ್ಟಿಂಗ್ ಶುಗರ್ ಅಥವಾ ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ ಪರೀಕ್ಷೆ ಬರೆದುಕೊಡಬಹುದು. ಬಿಎಂಐ 25 ದಾಟಲಿ ಎಂದು ಕಾಯಬೇಕಾಗಿಲ್ಲ.