ಈ ಗೋಡೆ ಯಾರಿಗೆ ಹೇಳುತ್ತಿದೆ?

ಭೋಜ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಅವ್ವಂದಿರೇ, ಅಣ್ಣಂದಿರೇ,

ಅಕ್ಟೋಬರ್ 15 ಹತ್ತಿರ ಬಂತು. 2008ರಿಂದ ಜಗತ್ತೆಲ್ಲ ಆಚರಿಸುವ ಕೈ ತೊಳೆಯುವ ದಿನ. ಗೋಡೆಗೆ ಮತ್ತೆ ಸುಣ್ಣ ಬೀಳುತ್ತದೆ, ಸುಣ್ಣದ ಮೇಲೆ ಮತ್ತೆ ಅದೇ ‘ಸುಮನ್-ಕೆ’ ಏಳುತ್ತದೆ. ಸೀದಾ, ಉಲ್ಟಾ, ಮುಟ್ಠೀ, ಅಂಗೂಠಾ, ನಾಖೂನ್, ಕಲಾಯಿ. ಕೈ ತೊಳೆಯುವ ಆರು ಹಂತ ನೆನಪಿರಲೆಂದು ಹಿಂದಿ ಮಾತುಗಳ ಮೊದಲಕ್ಷರ ಜೋಡಿಸಿ ಕಟ್ಟಿದ್ದು. ಹಿಂದಿಯವರಿಗೆ ಕಲಾಯಿ ಅಂದರೆ ಮಣಿಕಟ್ಟು. ನಮಗೆ? ತಾಮ್ರದ ಹಂಡೆಗೆ ಹಾಕಿಸುವ ಕಲಾಯಿ! ದೂಧಗಂಗಾ-ವೇದಗಂಗಾ ಕೂಡುವ ಈ ನೆಲದಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಎರಡೂ ಅಲ್ಲದ ಮಾತನ್ನು ನಮ್ಮ ಗೋಡೆಗೆ ಬರೆದು, ‘ಹಳ್ಳಿ ಜನ ಎಷ್ಟು ಹೇಳಿದರೂ ಕೇಳುವುದಿಲ್ಲ’ ಎಂದು ನಮ್ಮನ್ನೇ ಬೈಯುತ್ತಾರೆ.

ಅದರ ಪಕ್ಕದ ಕನ್ನಡ ಘೋಷಣೆಯಾದರೂ ಏನು? ‘ಕೈ ತೊಳೆಯಿರಿ, ಆರೋಗ್ಯ ಕಾಪಾಡಿ.’ ಯಾವಾಗ ತೊಳೆಯಬೇಕು? ಯಾವುದರಿಂದ? ಒಂದಕ್ಷರವಿಲ್ಲ. ಕೈ ತೊಳೆಯದ ಮನೆ ನಮ್ಮಲ್ಲಿ ಇಲ್ಲ. ಊಟಕ್ಕೆ ಕೂರುವ ಮುಂಚೆ ಚರಿಗೆಯಿಂದ ನೀರು ಸುರಿದುಕೊಳ್ಳದವರು ಯಾರು? ಆದರೆ ಬರೀ ನೀರು! ಬರೀ ನೀರು ಸಾಲದು: ಗೋಡೆ ಹೇಳಬೇಕಾದದ್ದು ಇದನ್ನು, ಹೇಳದೆ ಬಿಟ್ಟದ್ದೂ ಇದನ್ನೇ.

ಹೋದ ವಾರ ನಮ್ಮ ಓಣಿಯ ಹುಡುಗರ ಅಂಗೈಗೆ ಒಂದು ಹನಿ ಎಣ್ಣೆ, ಒಂದು ಚಿಟಿಕೆ ಅರಿಶಿಣ ಹಚ್ಚಿದೆವು. ಬರೀ ನೀರಲ್ಲಿ ತೊಳೆದರು, ಹಳದಿ ಹಾಗೇ ಇತ್ತು. ಆಮೇಲೆ ಬಟ್ಟೆ ಒಗೆಯುವ ಸಬಕಾರ ಕೊಟ್ಟೆವು. ಅರಿಶಿಣಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುತ್ತದಲ್ಲ, ಸಬಕಾರದ ಕ್ಷಾರಕ್ಕೂ ಅದೇ ಗುಣ. ತಾಕಿದಲ್ಲೆಲ್ಲ ಕೆಂಪಾಯಿತು, ತಾಕದಲ್ಲಿ ಹಳದಿಯೇ ಉಳಿಯಿತು. ಎಲ್ಲಿ ಉಳಿಯಿತು? ಹೆಬ್ಬೆರಳ ಹೊರಬದಿಯಲ್ಲಿ, ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ. ಒಬ್ಬ ಹುಡುಗಿ ತನ್ನ ಹೆಬ್ಬೆರಳನ್ನು ತಿರುತಿರುಗಿಸಿ ನೋಡಿ, ಯಾರೂ ಹೇಳದೆಯೇ ಮತ್ತೆ ಬಚ್ಚಲಿಗೆ ಓಡಿದಳು. ಇಪ್ಪತ್ತು ಎಣಿಸುವಷ್ಟು ಹೊತ್ತು ಉಜ್ಜಿದ ಮೇಲೆ ಹಳದಿ ಹೋಯಿತು. ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಬಾಟಲಿಯಲ್ಲಿ ಬರುವ ಹ್ಯಾಂಡ್‌ವಾಶ್ ಬೇಡ, ಅದರಲ್ಲಿ ಅಷ್ಟು ಕ್ಷಾರ ಇರುವುದಿಲ್ಲ, ಬಣ್ಣ ತಿರುಗದು.

ರೋಗಾಣುವಿನ ಪಾಠ ಹೇಳಿದರೆ ಜನ ಬದಲಾಗುತ್ತಾರೆ ಎನ್ನುವವರು ಆಂಧ್ರದ ಚಿತ್ತೂರು ಜಿಲ್ಲೆಯತ್ತ ನೋಡಲಿ. 2011ರಲ್ಲಿ ಅಲ್ಲಿನ ಹದಿನಾಲ್ಕು ಹಳ್ಳಿ ಆರಿಸಿ, ಏಳರಲ್ಲಿ ‘ಸೂಪರ್ ಅಮ್ಮ’ ಎಂಬ ಪ್ರಚಾರ ಮಾಡಿದರು. ಕಾಯಿಲೆಯ ಹೆದರಿಕೆ ಹಾಕಲಿಲ್ಲ. ಹೊಲಸು ಕೈಯಲ್ಲಿ ಲಡ್ಡು ಕಟ್ಟುವವನೊಬ್ಬನನ್ನು ತೋರಿಸಿ ಅಸಹ್ಯ ಹುಟ್ಟಿಸಿದರು. ಮಗನಿಗೆ ಒಳ್ಳೆಯ ನಡತೆ ಕಲಿಸುವ ತಾಯಿಯನ್ನು ತೋರಿಸಿ ಆಸೆ ಹುಟ್ಟಿಸಿದರು. ಮೊದಲು, ತೊಳೆಯಲೇಬೇಕಾದ ನೂರು ಸಂದರ್ಭಗಳಲ್ಲಿ ಸಾಬೂನು ಹಚ್ಚುತ್ತಿದ್ದದ್ದು ಒಂದರಲ್ಲಿ. ಆರು ತಿಂಗಳಿಗೆ ಅದು 37 ಆಯಿತು. ಪ್ರಚಾರ ಇನ್ನೂ ಮುಟ್ಟದ ಏಳು ಹಳ್ಳಿಗಳಲ್ಲಿ ಬರೀ 6. ಅಲ್ಲೂ ನೂರಾಗಲಿಲ್ಲ, ಒಪ್ಪುತ್ತೇವೆ. ಆದರೆ ನಮ್ಮ ಗೋಡೆಯ ‘ಕಲಾಯಿ’ ಎಷ್ಟು ಕೈಗೆ ಸಾಬೂನು ಹಚ್ಚಿಸಿತು? ಯಾರಾದರೂ ಎಣಿಸಿದ್ದಾರೆಯೇ?

‘ಸಾಬೂನು ಇಟ್ಟರೆ ಕದಿಯುತ್ತಾರೆ’ ಅನ್ನುತ್ತಾರೆ. ಓಹೋ, ನಾವು ಕಳ್ಳರು! ಒಂದೂವರೆ ಲೀಟರ್ ಬಾಟಲಿಯ ನೀರಿಗೆ ಮೂವತ್ತು ಗ್ರಾಂ ಬಟ್ಟೆಯ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಹಾಕಿ ನಲ್ಲಿಗೆ ಕಟ್ಟಿ. ಅದನ್ನು ಯಾರು ಕದಿಯುತ್ತಾರೆ ಹೇಳಿ. ‘ನೀರಿಲ್ಲ’ ಅನ್ನುವವರು ಕಾಲಲ್ಲಿ ಒತ್ತಿದರೆ ಬಾಗುವ ಕ್ಯಾನು ತೂಗುಹಾಕಲಿ. ಮಗ್ಗಿನಿಂದ ಸುರಿದುಕೊಂಡರೆ ಅರ್ಧ ಲೀಟರ್ ಹೋಗುವಲ್ಲಿ ಇದಕ್ಕೆ ಒಂದು ಸಣ್ಣ ಲೋಟದಷ್ಟೂ ಬೇಡ.

ಇನ್ನು ನೀವು, ಯುವಕ ಮಂಡಳದವರೇ! ನಾಯಕರ ಹುಟ್ಟುಹಬ್ಬಕ್ಕೆ ಚೌಕ ತುಂಬ ಬ್ಯಾನರ್ ಕಟ್ಟಲು ರೊಕ್ಕ ಉಂಟು, ಶಾಲೆಯ ನಲ್ಲಿಯ ಹತ್ತಿರ ಒಂದು ಸಾಲು ಬರೆಸಲು ಇಲ್ಲವೇ? ಬೋರ್ಡಿನ ಭಾಷೆಗಾಗಿ ಬಡಿದಾಡುವ ಎರಡೂ ಕಡೆಯವರೇ, ಈ ಗೋಡೆಯ ‘ಸುಮನ್-ಕೆ’ಯಲ್ಲಿ ನಿಮ್ಮಿಬ್ಬರ ಭಾಷೆಯೂ ಇಲ್ಲವಲ್ಲ, ಆಗ ಎಲ್ಲಿದ್ದಿರಿ? ತಂಬಾಕಿನ ವಖಾರಿಯ ಮಾಲೀಕರೇ, ಇಡೀ ದಿನ ಜರ್ದಾ ಮುಟ್ಟಿದ ಕೈಯಲ್ಲೇ ನಮ್ಮ ಅಕ್ಕಂದಿರು ಬುತ್ತಿ ಬಿಚ್ಚುತ್ತಾರೆ. ತುತ್ತಿನ ಜೊತೆ ಆ ಕಹಿಯೂ ಹೊಟ್ಟೆಗಿಳಿಯುತ್ತದೆ. ನಿಮ್ಮ ಅಂಗಳದ ನಲ್ಲಿಯ ಮೇಲೆ ಒಂದು ಬಿಲ್ಲೆ ಸಬಕಾರ ಇದೆಯೇ?

ಗೋಡೆ ನಮಗೆ ಬಿಡಿ. ಸಂಡಾಸದ ಬಾಗಿಲಿಗೆ ಹೀಗೆ ಬರೆಯುತ್ತೇವೆ:

‘ಹೊರಗ ಬಂದಿ, ನಿಂದರು ತಮ್ಮಾ,
ಸಬಕಾರ ಹಚ್ಚು ಇನ್ನೊಮ್ಮಾ!’

ಅಂಗನವಾಡಿಯ ಒಲೆಯ ಹತ್ತಿರ:

‘ಕೂಸಿನ ತುತ್ತಿಗೆ ಅವ್ವನ ಕೈ,
ಸಬಕಾರ ಹಚ್ಚಿದ್ದೇನ ಆ ಕೈ?’

ಶಾಲೆಯ ನಲ್ಲಿಯ ಮೇಲೆ:

‘ಹೆಬ್ಬೆಟ್ಟು ಉಳೀತು, ಉಗುರು ಉಳೀತು,
ಇಪ್ಪತ್ತು ಎಣಿಸು, ಹೊಲಸು ಹೋತು!’

ಮರಾಠಿ ಮನೆಯವರು ತಮ್ಮ ಮಾತಲ್ಲಿ ಪಕ್ಕದಲ್ಲೇ ಬರೆಯಲಿ, ಜಾಗ ಬಿಟ್ಟಿರುತ್ತೇವೆ. ಬ್ರಶ್ಶು ನಮ್ಮದು, ಬಣ್ಣ ನಮ್ಮದು. ಸುಣ್ಣ ಬಳಿಯುವವರು ಅಕ್ಟೋಬರ್ 14ರ ಸಂಜೆಯೊಳಗೆ ನಮ್ಮನ್ನು ಕರೆಯಲಿ. ಕರೆಯದಿದ್ದರೆ ಅಂದು ರಾತ್ರಿ ನಾವೇ ಬರುತ್ತೇವೆ.

— ಭೋಜ ಸುತ್ತಲಿನ ಊರುಗಳ ತಾಯಂದಿರು ಮತ್ತು ಗೆಳೆಯರು