ಬಿಸಿಯನ್ನು ಕಾಯುವ ಪಾತ್ರೆಯಲ್ಲಿ ಮೊಸರು

ಮಾರ್ಗಶಿರ ಕಳೆದು ಪುಷ್ಯ ಬಂದಿತೆಂದರೆ ಮಧುಗಿರಿ, ಸಿರಾ, ಪಾವಗಡದ ಕಡೆಯ ತಾಯಂದಿರಿಗೆ ಮೊಸರಿನ ಚಿಂತೆ ಹತ್ತುತ್ತದೆ. ಹಿಂದೆ ಸೌದೆಯ ಒಲೆಯ ಮಗ್ಗುಲು ಬೆಳಗಿನವರೆಗೆ ಬೆಚ್ಚಗಿರುತ್ತಿತ್ತು. ಹೆಪ್ಪು ಹಾಕಿದ ಗಡಿಗೆಯನ್ನು ಅಲ್ಲಿಟ್ಟು ಮಲಗಿದರೆ ಸಾಕಿತ್ತು. ಗ್ಯಾಸ್ ಒಲೆಯಾದರೋ ಆರಿಸಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ. ಆ ಮಗ್ಗುಲಿನ ಕೆಲಸವನ್ನು ಇಂದು ಥರ್ಮಾಸ್ ಫ್ಲಾಸ್ಕು ಅಥವಾ ಹಾಟ್‌ಬಾಕ್ಸು ಮಾಡಬಲ್ಲದು.

ಕಳೆದ ಚಳಿಗಾಲದಲ್ಲಿ ಮಧುಗಿರಿಯ ಬಂಧುಗಳ ಮನೆಗೆ ಹೋಗಿದ್ದೆ. ಮರುದಿನ ಸೋಮವಾರ, ಪ್ರಸಾದಕ್ಕೆ ಹತ್ತು ಮಂದಿ ಬರುವವರಿದ್ದರು. ಮನೆಯ ಸೊಸೆ ಹಾಲು ಕಾಯಿಸಿ, ಹತ್ತು ನಿಮಿಷ ಬಿಟ್ಟು, ಹೆಪ್ಪು ಬೆರೆಸಿ ಫ್ಲಾಸ್ಕಿಗೆ ತುಂಬಿದಳು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ‘ಚಳಿ ಹೆಚ್ಚಾಯಿತು ತಾತ’ ಎಂದಳು. ಆದರೆ ಫ್ಲಾಸ್ಕಿನೊಳಗಿನ ಹಾಲು ಇನ್ನೂ ಬೆಚ್ಚಗಿತ್ತು! ತಪ್ಪು ಚಳಿಯದಲ್ಲ, ಬಿಸಿಯದು.

ಹಾಲನ್ನು ಹೆಪ್ಪುಗಟ್ಟಿಸುವ ಸೂಕ್ಷ್ಮಜೀವಿಗಳಿಗೆ 40ರಿಂದ 45 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. 55 ಡಿಗ್ರಿ ದಾಟಿದರೆ ಅವು ಬಹುಮಟ್ಟಿಗೆ ಸಾಯುತ್ತವೆ. ತೆರೆದ ಪಾತ್ರೆಯಲ್ಲಿ ಹಾಲು ತುಸು ಹೆಚ್ಚು ಬಿಸಿಯಿದ್ದರೂ ಬೇಗ ಆರಿ, ಉಳಿದವು ಚೇತರಿಸಿಕೊಳ್ಳುತ್ತವೆ. ಫ್ಲಾಸ್ಕಿನಲ್ಲಿ ಆ ಅವಕಾಶವಿಲ್ಲ. 1892ರಲ್ಲಿ ಜೇಮ್ಸ್ ಡ್ಯೂಯರ್ ಎಂಬ ವಿಜ್ಞಾನಿ ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದು ಈ ಪಾತ್ರೆಯನ್ನು ರೂಪಿಸಿದುದು ಅತಿಶೀತಲ ದ್ರವಗಳನ್ನು ಕಾಪಾಡುವುದಕ್ಕೆ. ಅದು ಶಾಖವನ್ನು ಹುಟ್ಟಿಸದು. ನಾವು ಕೊಟ್ಟದ್ದನ್ನು, ನಮ್ಮ ತಪ್ಪನ್ನೂ ಸೇರಿಸಿ, ಕಾಯುತ್ತದೆ.

ಆಕೆಗೆ ಹೇಳಿದ ಕ್ರಮವಿದು. ಅರ್ಧ ಲೀಟರು ಹಾಲನ್ನು ಉಕ್ಕಿಸಿ ಆರಲು ಬಿಡಬೇಕು. ಶುಭ್ರ ಚಮಚದಿಂದ ಒಂದು ತೊಟ್ಟನ್ನು ಮಣಿಕಟ್ಟಿನ ಮೇಲೆ ಬಿಟ್ಟರೆ ಬಿಸಿ ತಟ್ಟಬೇಕು, ಚುರುಕು ಮುಟ್ಟಬಾರದು. ಅಷ್ಟರಲ್ಲಿ ಪಾತ್ರೆಗೆ ಬಿಸಿನೀರು ತುಂಬಿ ಐದು ನಿಮಿಷವಿಟ್ಟು ಚೆಲ್ಲಬೇಕು. ಇಲ್ಲವಾದರೆ ತಣ್ಣನೆಯ ಒಳಗೋಡೆಯೇ ಹಾಲಿನ ಶಾಖವನ್ನು ಹೀರುತ್ತದೆ. ಒಂದು ಚಮಚ ಹೊಸ ಮೊಸರನ್ನು ಹಾಲಿನಲ್ಲಿ ಕದಡಿ, ಪಾತ್ರೆ ಬಹುಪಾಲು ತುಂಬುವಂತೆ ಸುರಿದು ಮುಚ್ಚಬೇಕು. ದೊಡ್ಡ ಪಾತ್ರೆಯ ತಳದಲ್ಲಿ ಸ್ವಲ್ಪವೇ ಹಾಲಿದ್ದರೆ ಬೇಗ ಆರುತ್ತದೆ. ಐದಾರು ಗಂಟೆಗಳಲ್ಲಿ ಮೊಸರು ನಿಲ್ಲುತ್ತದೆ.

ಬೆಳಿಗ್ಗೆ ತಣ್ಣಗೆ, ನೀರಾಗಿದ್ದರೆ ಶಾಖ ಸಾಲದು ಅಥವಾ ಹೆಪ್ಪು ಹಳತು. ಬೆಚ್ಚಗಿದ್ದೂ ಹುಳಿವಾಸನೆಯಿಲ್ಲದೆ ಹಾಲಾಗಿಯೇ ಇದ್ದರೆ ಹೆಪ್ಪು ಬೆಂದಿದೆ ಎಂದು ತಿಳಿಯಬೇಕು. ರಾತ್ರಿಯೆಲ್ಲ ಬೆಚ್ಚಗೆ ನಿಂತು ಹುಳಿಯಾಗದ ಅಂತಹ ಹಾಲನ್ನು ಮತ್ತೆ ಕಾಯಿಸಿ ಬಳಸುವುದು ಕ್ಷೇಮವಲ್ಲ. ಅಂದಿನ ಪ್ರಸಾದಕ್ಕೆ ನೆರೆಮನೆಯ ಮಜ್ಜಿಗೆ ಬಂದಿತು.

ಅಮೆರಿಕದಲ್ಲಿರುವ ನಮ್ಮ ಮಕ್ಕಳು ಓವನ್ನಿನ ದೀಪವನ್ನಷ್ಟೇ ಹೊತ್ತಿಸಿ ಒಳಗೆ ಪಾತ್ರೆಯಿಡುವುದುಂಟು. ಹಳೆಯ ತಂತಿಬಲ್ಬು ಕಾಯುವುದರಿಂದ ಅದು ನಡೆಯುತ್ತದೆ. ಎಲ್‌ಇಡಿ ದೀಪದಿಂದ ಆಗದು.

ಫ್ಲಾಸ್ಕಿಗಿಂತ ಹಾಟ್‌ಬಾಕ್ಸೇ ಮೇಲೆಂದು ನನ್ನ ಮತ. ಕಿರಿದಾದ ಕತ್ತಿನಿಂದ ಮೊಸರು ಒಡೆದೇ ಹೊರಬರುತ್ತದೆ, ತಳಕ್ಕೆ ಕೈ ಹೋಗದು, ಅಲ್ಲಿ ಉಳಿದ ಜಿಡ್ಡು ಮುಂದಿನ ಹೆಪ್ಪನ್ನು ಕೆಡಿಸುತ್ತದೆ. ಯಾವುದರಲ್ಲಿಟ್ಟರೂ, ನಿಂತ ಮೊಸರನ್ನು ಕೂಡಲೇ ತಂಪಿನ ಜಾಗಕ್ಕೆ ತೆಗೆದಿಡಬೇಕು. ಒಳಗೇ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹುಳಿಯೇರಿ ನೀರೊಡೆಯುತ್ತದೆ.