ಸ್ಟೀರಿಯೊ ಬದಲಿಸೋಕೂ ಮುಂಚೆ ಚಾರ್ಜರ್ ಕಿತ್ತು ನೋಡ್ರಿ

ಹಳೇ ಕಾರಿನ ಸ್ಟೀರಿಯೊಗೆ ಆಕ್ಸ್ ಹಾಕಿದ್ರೆ ಹಾಡಿನ ಹಿಂದ "ಕುಂಯ್" ಅಂತ ಸದ್ದು ಬರ್ತದ ಅಂತ ಹೊಸ ಸೆಟ್ ತಗೊಳ್ಳೋರು ಭಾಳ ಮಂದಿ. ನನ್ನ ಪ್ರಕಾರ ಅದು ದಂಡದ ಖರ್ಚು. ಹೆಚ್ಚಿನ ಸಲ ತಪ್ಪು ಸೆಟ್‌ದಲ್ಲ, ವೈರಿಂಗ್ ದಾರಿದು.

ನಮ್ಮ ಕಾಕಾನ ಕಾರೇ ನೋಡ್ರಿ. ವಡಗೇರಾದಿಂದ ಯಾದಗಿರಿಗೆ ಹೊಂಟಾಗ ಫೋನ್ ಚಾರ್ಜಿಗೂ ಇರ್ತದ, ಆಕ್ಸಿಗೂ ಇರ್ತದ. ಎಕ್ಸಲೇಟರ್ ಒತ್ತಿದಂಗ ಸದ್ದು ಸಣ್ಣ ಸೀಟಿ ಹಂಗ ಏರ್ತದ, ಬಿಟ್ರೆ ಇಳೀತದ. ಇದೇ ದೊಡ್ಡ ಗುರುತು. ಎಂಜಿನ್ ಜೋಡಿ ಸದ್ದು ಏರಿಳಿತದ ಅಂದ್ರೆ ಅದು ಆಲ್ಟರ್ನೇಟರಿಂದ ಬರ್ತದ.

ಹೆಂಗ ಒಳಗ ಬರ್ತದ? ಚಾರ್ಜರಿನ ನೆಗೆಟಿವ್ ಕಾರಿನ ಬಾಡಿಗೆ ಸೇರಿರ್ತದ. ಸ್ಟೀರಿಯೊದ ನೆಗೆಟಿವ್ವೂ ಬಾಡಿಗೇ, ಆದ್ರೆ ಬೇರೆ ಜಾಗದಾಗ. ಫೋನಿಗೆ ಎರಡೂ ವೈರ್ ಹಾಕಿದಾಗ ಒಂದು ಸುತ್ತು ಪೂರ್ತಿ ಆಗ್ತದ. ಆ ಸುತ್ತಿನಾಗ ಹರಿಯೋ ಸಣ್ಣ ಕರೆಂಟನ್ನ ಸ್ಟೀರಿಯೊ ಹಾಡು ಅಂತ ತಿಳಿದು ದೊಡ್ಡದು ಮಾಡ್ತದ. ಇದಕ್ಕ ಗ್ರೌಂಡ್ ಲೂಪ್ ಅಂತಾರ.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇದ್ದಾಗ ಫೋನಿಂದ ಚಾರ್ಜರ್ ಪಿನ್ ಕಿತ್ತು ನೋಡ್ರಿ. ಸದ್ದು ನಿಂತ್ರೆ ಲೂಪ್ ಅನ್ನೋದು ಖಾತ್ರಿ. ನಿಲ್ಲಲಿಲ್ಲ ಅಂದ್ರೆ ಸ್ಟೀರಿಯೊ ತುದಿಯಿಂದ ಆಕ್ಸ್ ಕೇಬಲ್ಲೂ ತೆಗೀರಿ. ಆಗಲೂ ಸೀಟಿ ಬಂದ್ರೆ ಸೆಟ್‌ನ ಅರ್ಥಿಂಗ್ ವೈರ್ ಸಡಿಲ ಆಗಿರಬಹುದು, ಎಲೆಕ್ಟ್ರಿಷಿಯನ್ ಹತ್ರ ತೋರಿಸ್ರಿ. ಪಿನ್ ಅಲುಗಾಡಿಸಿದಾಗ ಮಾತ್ರ "ಕರ್ ಕರ್" ಅಂದ್ರೆ ಕೇಬಲ್ಲೇ ಹಾಳಾಗ್ಯದ.

ಲೂಪ್ ಇದ್ರೆ ಪುಕ್ಕಟೆ ಪರಿಹಾರ: ಫೋನನ್ನ ಮನ್ಯಾಗೇ ಚಾರ್ಜ್ ಮಾಡ್ಕೊಂಡು ಹೋಗ್ರಿ, ಇಲ್ಲಾ ಪವರ್ ಬ್ಯಾಂಕ್ ಹಚ್ರಿ. ಆದ್ರ ಆ ಪವರ್ ಬ್ಯಾಂಕನ್ನ ಕಾರಿನ ಚಾರ್ಜರಿಗೆ ಹಾಕಿದ್ರೆ ಲೂಪ್ ಮತ್ತ ಬರ್ತದ. ಎರಡನೇದು ಗ್ರೌಂಡ್ ಲೂಪ್ ಐಸೊಲೇಟರ್. ಕೆಲವು ನೂರು ರೂಪಾಯಿದು, ಆಕ್ಸ್ ಕೇಬಲ್ ನಡುವ ಕೂಡ್ತದ. ಒಳಗ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಇರ್ತಾವ. ಹಾಡು ದಾಟ್ತದ, ವೈರಿನ ನೇರ ಸಂಪರ್ಕ ಕಡೀತದ. ಅಗ್ಗದ್ದು ತಗೊಂಡ್ರೆ ಬೇಸ್ ಸ್ವಲ್ಪ ಕಮ್ಮಿ ಆಗಬಹುದು.

ಆಕ್ಸ್ ತೂತೇ ಇಲ್ಲದ ಸೆಟ್ಟಿಗೆ ಮಾತ್ರ ಎಫ್‌ಎಂ ಟ್ರಾನ್ಸ್‌ಮಿಟರ್. ಬ್ಲೂಟೂತಿನಿಂದ ಹಚ್ಚಿದ್ರೆ ವೈರಿಲ್ಲ, ಈ ಲೂಪೂ ಇಲ್ಲ. ಆದ್ರ "ಸ್‌ಸ್" ಸದ್ದು ಇರ್ತದ. ಮೊದಲು ರೇಡಿಯೊದಾಗ 87.5ರಿಂದ 108ರ ತನಕ ತಿರುಗಿಸಿ, ಯಾವ ಸ್ಟೇಷನ್ನೂ ಇಲ್ಲದ ಜಾಗ ಹುಡುಕಿ, ಟ್ರಾನ್ಸ್‌ಮಿಟರ್ ಅಲ್ಲೇ ಇಡ್ರಿ. ವಡಗೇರಾದಾಗ ಖಾಲಿ ಇದ್ದ ಜಾಗಕ್ಕ ಕಲಬುರಗಿ ಹತ್ರ ಸ್ಟೇಷನ್ ಬಂದು ಕೂಡಬಹುದು, ಆಗ ಎರಡೂ ಕಡೆ ಬದಲಿಸ್ಬೇಕು.

ಯಾವುದೇ ದಾರಿ ಹಿಡಿದ್ರೂ ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು, ಸ್ಟೀರಿಯೊದ್ದು ಕಮ್ಮಿ ಇಡ್ರಿ. ಫೋನ್ ಸಣ್ಣಗಿಟ್ಟು ಸೆಟ್ ಜೋರು ಮಾಡಿದ್ರೆ ಹಾಡಿನ ಜೋಡಿ ಸದ್ದೂ ಬೆಳೀತದ. ಹಾಡು ಒಡೆದಂಗ ಕೇಳಿದ್ರೆ ಫೋನನ್ನ ಒಂದೆರಡು ಗೆರೆ ಇಳಿಸ್ರಿ.

ನಿಮ್ಮ ಕಾರಿನಾಗ ಚಾರ್ಜರ್ ಕಿತ್ತಾಗ ಸದ್ದು ನಿಂತಿತಾ? ಕಮೆಂಟ್‌ನಾಗ ಹೇಳ್ರಿ.